ಕಡಲಿನ ದಾಳಿಕೋರರು ಪ್ಯಾರಿಸ್ ತಲುಪಿದ್ದು ಹೇಗೆ: ವೈಕಿಂಗ್ ಹಡಗು, ಸೇನ್ ನದಿ ಮತ್ತು ಎರಡು ದಡಗಳ ಲೆಕ್ಕ

ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಒಂದು ಹಡಗನ್ನು ಅದೇ ಆವರಣದ ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸಾಗಿಸಿದರು. ಒಸೆಬರ್ಗ್ ಎಂಬ ಹೆಸರಿನ ಆ ಹಡಗಿಗೆ ಈಗ ಸುಮಾರು 1,200 ವರ್ಷ ವಯಸ್ಸು. ಕೇವಲ ನೂರು ಮೀಟರಿನಷ್ಟು ದೂರವನ್ನು ಕ್ರಮಿಸಲು ಒಂದು ಇಡೀ ಹಗಲು ಬೇಕಾಯಿತು. ಆ ಸುದ್ದಿಯೊಂದಿಗೆ ಬಂದ ಚಿತ್ರಗಳು ಹಲವು ಓದುಗರಲ್ಲಿ ಗೊಂದಲವನ್ನು ಮೂಡಿಸಿದವು. ಉತ್ತರ ಯುರೋಪಿನ ಕಡಲನ್ನು ನಡುಗಿಸಿದವರೆಂದು ಹೆಸರಾದ ವೈಕಿಂಗರ ಹಡಗು ಇಷ್ಟು ತಗ್ಗಾಗಿ, ಇಷ್ಟು ತೆಳುವಾಗಿ, ಮೇಲ್ಛಾವಣಿಯೂ ಇಲ್ಲದೆ ಇರುವುದು ಏಕೆ? ಕಡಲತೀರದ ದಾಳಿಕೋರರು ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಪ್ಯಾರಿಸ್ ನಗರವನ್ನು ಲೂಟಿ ಮಾಡಿದರು ಎಂಬುದನ್ನು ನಂಬುವುದಾದರೂ ಹೇಗೆ?

ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ. ಹಡಗು ತಗ್ಗಾಗಿ, ಹಗುರವಾಗಿ ಇದ್ದದ್ದರಿಂದಲೇ ಅದು ನದಿಯನ್ನು ಹೊಕ್ಕಿತು. ಆದರೆ ಅಲ್ಲಿಗೇ ವಿವರಣೆಯನ್ನು ನಿಲ್ಲಿಸಿದರೆ ಕಥೆಯ ಅರ್ಧ ಮಾತ್ರ ತಿಳಿದಂತಾಗುತ್ತದೆ, ಏಕೆಂದರೆ ಇದೇ ಹಡಗುಗಳು ಇದೇ ನದಿಯಲ್ಲಿ ಕೆಲವೊಮ್ಮೆ ಪೂರ್ತಿ ಸಿಕ್ಕಿಬಿದ್ದದ್ದೂ ಉಂಟು. ಯಾವಾಗ ಗೆದ್ದವು, ಯಾವಾಗ ಸಿಕ್ಕಿಬಿದ್ದವು ಎಂಬುದನ್ನು ಫ್ರಾನ್ಸಿನ ಸೇನ್ ನದಿಯ ಮೇಲೆ 841ರಿಂದ 886ರವರೆಗೆ ನಡೆದ ಘಟನೆಗಳ ಮೂಲಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊಣಕಾಲಿನಿಂದ ಸೊಂಟದವರೆಗಿನ ನೀರು

ಒಂದು ಹಡಗು ಎಷ್ಟು ನೀರಿನಲ್ಲಿ ಸಾಗಬಲ್ಲದು ಎಂಬುದು ಅದರ ತಳ ನೀರಿನ ಮಟ್ಟದಿಂದ ಎಷ್ಟು ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಡೆನ್ಮಾರ್ಕಿನ ರೋಸ್ಕಿಲ್ಡ್ ಫ್ಯೋರ್ಡ್ ಎಂಬ ಕಡಲಚಾಚಿನ ತಳದಿಂದ 1962ರಲ್ಲಿ ಮೇಲೆತ್ತಿದ ಐದು ಹಡಗುಗಳು ಈ ಲೆಕ್ಕಕ್ಕೆ ಒಳ್ಳೆಯ ಆಧಾರ. ಅವು ಹನ್ನೊಂದನೆಯ ಶತಮಾನದವು, ಅಂದರೆ ಪ್ಯಾರಿಸ್ ದಾಳಿಗಳಿಗಿಂತ ಸುಮಾರು ಇನ್ನೂರು ವರ್ಷ ಈಚಿನವು. ಆದರೂ ಕಟ್ಟುವ ಕ್ರಮ ಮೂಲದಲ್ಲಿ ಅದೇ ಪರಂಪರೆಯದು. ಅವುಗಳಲ್ಲಿ ಒಂದು ಚಿಕ್ಕ ಯುದ್ಧನೌಕೆ. ಅದರ ಉದ್ದ ಸುಮಾರು 17 ಮೀಟರ್, ಅಗಲ 2.5 ಮೀಟರ್. ಇಪ್ಪತ್ತಾರು ಹುಟ್ಟುಗಳನ್ನು ಹಾಕುವ ಆ ನೌಕೆ ನೀರಿನಲ್ಲಿ ಮುಳುಗುತ್ತಿದ್ದದ್ದು ಸುಮಾರು 60 ಸೆಂಟಿಮೀಟರ್ ಮಾತ್ರ. ಅದೇ ಜಾಗದಲ್ಲಿ ಸಿಕ್ಕ ಸರಕಿನ ಹಡಗೊಂದರ ಉದ್ದ ಇದಕ್ಕಿಂತ ತುಸು ಕಡಿಮೆಯೇ, ಸುಮಾರು 16 ಮೀಟರ್. ಆದರೆ ಅಗಲ ಹೆಚ್ಚುಕಡಿಮೆ ಇಮ್ಮಡಿ, ಹೊರುವ ಸರಕು ಇಪ್ಪತ್ತು ಟನ್ನಿಗೂ ಹೆಚ್ಚು, ಮುಳುಗುವ ಆಳ ಸುಮಾರು ಒಂದು ಮೀಟರ್. ಒಂದು ಸರಕಿಗಾಗಿ ಕಟ್ಟಿದ್ದು, ಇನ್ನೊಂದು ಜನಕ್ಕಾಗಿ ಕಟ್ಟಿದ್ದು. ವ್ಯತ್ಯಾಸ ಬರುವುದು ಇಲ್ಲಿಯೇ.

ಜನರೇ ಹೊರೆಯಾದಾಗ ಏನಾಗುತ್ತದೆ ಎಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಆ ಚಿಕ್ಕ ಯುದ್ಧನೌಕೆ ನೀರಿನ ಮೇಲ್ಮೈಯಲ್ಲಿ ಸುಮಾರು 25 ಚದರ ಮೀಟರ್ ಜಾಗವನ್ನು ಆವರಿಸುತ್ತದೆ ಎಂದುಕೊಳ್ಳೋಣ. ಆಗ ಅದು ಒಂದು ಸೆಂಟಿಮೀಟರ್ ಕೆಳಗಿಳಿಯಬೇಕಾದರೆ ಸುಮಾರು 250 ಕಿಲೋ ಭಾರ ಬೀಳಬೇಕು. ಮೂವತ್ತು ಜನರು ತಮ್ಮ ಆಯುಧ, ಬುತ್ತಿಗಳೊಂದಿಗೆ ತಲಾ ನೂರು ಕಿಲೋದಂತೆ ಹತ್ತಿದರೆ ಒಟ್ಟು ಮೂರು ಟನ್, ಅಂದರೆ ಹಡಗು ಹನ್ನೆರಡು ಸೆಂಟಿಮೀಟರ್ ಇಳಿಯುತ್ತದೆ. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ನದಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹಡಗು ಮರಳದಿಣ್ಣೆಯ ಮೇಲೆ ಕೂತರೆ ಜನರೆಲ್ಲ ನೀರಿಗೆ ಇಳಿದರೆ ಸಾಕು, ಅದು ಹನ್ನೆರಡು ಸೆಂಟಿಮೀಟರ್ ಮೇಲೇಳುತ್ತದೆ. ಹಾಗೆ ಇಳಿದವರು ಸೊಂಟದವರೆಗಿನ ನೀರಿನಲ್ಲಿ ನಿಂತು ಅದನ್ನು ದಿಣ್ಣೆಯಾಚೆಗೆ ನೂಕಬಹುದು. ಇಪ್ಪತ್ತು ಟನ್ ಸರಕು ತುಂಬಿದ ಹಡಗಿಗೆ ಈ ದಾರಿ ಇಲ್ಲ. ಅದರ ಭಾರ ಏಳೆಂಟು ನಾವಿಕರಲ್ಲಿಲ್ಲ, ಸರಕಿನಲ್ಲಿದೆ. ಸರಕು ತಾನಾಗಿ ಇಳಿದು ನಡೆಯುವುದಿಲ್ಲ.

ಹಗುರ ಹಡಗು ಕಡಲನ್ನು ಹೇಗೆ ತಾಳಿತು

ಕಡಿಮೆ ನೀರಿನಲ್ಲಿ ತೇಲುವುದು ತನ್ನಷ್ಟಕ್ಕೆ ವಿಶೇಷವಲ್ಲ. ಚಪ್ಪಟೆ ತಳದ ದೋಣಿಗಳು ಯುರೋಪಿನ ಎಲ್ಲ ನದಿಗಳಲ್ಲೂ ಓಡಾಡುತ್ತಿದ್ದವು. ಆದರೆ ಅವು ಉತ್ತರ ಸಮುದ್ರದ ಅಲೆಗಳಿಗೆ ಒಡ್ಡಿಕೊಳ್ಳಬಲ್ಲವು ಆಗಿರಲಿಲ್ಲ. ತುಂಬಿದ ಸರಕಿನ ಹಡಗುಗಳು ಕಡಲನ್ನು ತಾಳುತ್ತಿದ್ದವು, ಆದರೆ ನದಿಯ ಮೇಲುಭಾಗದಲ್ಲಿ ಅವುಗಳ ತಳ ನೆಲಕ್ಕೆ ತಾಗುತ್ತಿತ್ತು. ಹೀಗಾಗಿ ಕಡಲಿನಿಂದ ಬಂದವರು ನದೀಮುಖದಲ್ಲಿ ಇಳಿದು ಬೇರೆ ದೋಣಿ ಹತ್ತಬೇಕಾಗಿತ್ತು. ವೈಕಿಂಗ್ ಹಡಗಿಗೆ ಆ ನಿಲುಗಡೆಯ ಅಗತ್ಯವೇ ಇರಲಿಲ್ಲ. ಡೆನ್ಮಾರ್ಕಿನ ಮರಳಿನಿಂದ ಹೊರಟ ಹಡಗೇ ಪ್ಯಾರಿಸಿನ ಕೋಟೆಯ ಬುಡಕ್ಕೆ ಬಂದು ನಿಲ್ಲುತ್ತಿತ್ತು.

ಇದಕ್ಕೆ ಕಾರಣ ಹಲಗೆಯ ಕೆಲಸದಲ್ಲಿದೆ. ಓಕ್ ಮರದ ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ, ತಿರುಳಿನಿಂದ ಹೊರಕ್ಕೆ ಬೆಣೆ ಹೊಡೆದು ಸೀಳುತ್ತಿದ್ದರು. ಹಾಗೆ ಸೀಳಿದಾಗ ಮರದ ನಾರು ತುಂಡಾಗದೆ ಹಲಗೆಯ ಉದ್ದಕ್ಕೂ ಓಡುತ್ತದೆ, ಆದ್ದರಿಂದ ಹಲಗೆಯನ್ನು ತೆಳುವಾಗಿ ಕೆತ್ತಿದರೂ ಅದು ಗಟ್ಟಿಯಾಗಿಯೇ ಇರುತ್ತದೆ. ನಾರ್ವೆಯಲ್ಲಿ 1880ರಲ್ಲಿ ದೊರೆತ ಗೋಕ್‌ಸ್ಟಾಡ್ ಹಡಗಿನ ಉದ್ದ ಸುಮಾರು 23 ಮೀಟರ್, ಅಗಲ ಸುಮಾರು 5 ಮೀಟರ್. ಆದರೂ ಅದರ ಬಹುಪಾಲು ಹಲಗೆಗಳ ದಪ್ಪ ಎರಡೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿದೆ. ಮನೆಯ ಚಾವಣಿಗೆ ಹೆಂಚು ಹೊದಿಸಿದಂತೆ ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಜೋಡಿಸಿ, ನಡುವೆ ಡಾಂಬರು ಹಚ್ಚಿದ ಉಣ್ಣೆಯನ್ನೋ ಕೂದಲನ್ನೋ ಇಟ್ಟು, ಕಬ್ಬಿಣದ ಮೊಳೆಗಳಿಂದ ಬಿಗಿಯುತ್ತಿದ್ದರು. ನೀರಿನ ಮಟ್ಟಕ್ಕಿಂತ ಕೆಳಗಿನ ಹಲಗೆಗಳನ್ನು ಒಳಗಿನ ಪಕ್ಕೆಮರಗಳಿಗೆ ಮೊಳೆ ಹೊಡೆಯದೆ ಹಗ್ಗದಂತಹ ಕಟ್ಟುಗಳಿಂದ ಬಿಗಿದಿದ್ದರು. ಹೀಗಾಗಿ ಇಡೀ ಮೈ ಅಲೆಯೊಂದಿಗೆ ಸ್ವಲ್ಪ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. 1893ರಲ್ಲಿ ಇದೇ ಗೋಕ್‌ಸ್ಟಾಡ್ ಹಡಗಿನ ಪ್ರತಿಕೃತಿಯೊಂದನ್ನು ಕಟ್ಟಿ ಅಟ್ಲಾಂಟಿಕ್ ಸಾಗರವನ್ನು ದಾಟಿಸಿದಾಗ, ಬಿರುಗಾಳಿಯಲ್ಲಿ ಹಡಗಿನ ಮೇಲಂಚು ಸುಮಾರು 15 ಸೆಂಟಿಮೀಟರಿನಷ್ಟು ತಿರುಚಿಕೊಂಡರೂ ನೀರು ಒಳಗೆ ನುಗ್ಗಲಿಲ್ಲ ಎಂದು ಅದರ ನಾಯಕ ದಾಖಲಿಸಿದ. ಆ ಹಡಗು ಮುಂದೆ ನದಿ, ಕಾಲುವೆ, ಸರೋವರಗಳ ಮೂಲಕ ಒಳನಾಡಿನ ಷಿಕಾಗೊದವರೆಗೂ ಹೋಯಿತು.

ನದಿಯಲ್ಲಿ ಉಪಯೋಗಕ್ಕೆ ಬಂದ ಇನ್ನೂ ಮೂರು ಅಂಶಗಳನ್ನು ಹೇಳಲೇಬೇಕು. ಚುಕ್ಕಾಣಿ ಹಿಂಬದಿಯ ನಡುವಿನಲ್ಲಿರದೆ ಬಲಮಗ್ಗುಲಿನಲ್ಲಿ ಇರುತ್ತಿತ್ತು ಮತ್ತು ಅದನ್ನು ಮೇಲಕ್ಕೆ ಎತ್ತಬಹುದಾಗಿತ್ತು, ಆದ್ದರಿಂದ ಹಡಗಿನ ತಳಕ್ಕಿಂತ ಕೆಳಗೆ ಚಾಚಿದ ಅದರ ತುದಿ ನೆಲಕ್ಕೆ ಬಡಿದು ಮುರಿಯುವ ಭಯವಿರಲಿಲ್ಲ. ಹಾಯಿಗಂಬವನ್ನು ಹಿಂದಕ್ಕೆ ಮಲಗಿಸಬಹುದಾಗಿತ್ತು, ಇದರಿಂದ ತಗ್ಗಾದ ಸೇತುವೆಯ ಕೆಳಗೆ ನುಸುಳುವುದಕ್ಕೂ ದೂರದಿಂದ ಕಾಣದಂತೆ ಸಾಗುವುದಕ್ಕೂ ಸಾಧ್ಯವಾಯಿತು. ಹಡಗಿನ ಎರಡೂ ತುದಿಗಳು ಒಂದೇ ಆಕಾರದಲ್ಲಿದ್ದುದರಿಂದ, ಇಕ್ಕಟ್ಟಿನ ಜಾಗದಲ್ಲಿ ಹಡಗನ್ನು ತಿರುಗಿಸುವ ಕಷ್ಟವಿಲ್ಲದೆ ಹುಟ್ಟುಗಳನ್ನು ಎದುರುದಿಕ್ಕಿಗೆ ಎಳೆದು ಹಿಮ್ಮೆಟ್ಟಬಹುದಾಗಿತ್ತು.

ಇಳಿಜಾರಿಲ್ಲದ ನದಿ

ಹಡಗಿನಷ್ಟೇ ಮುಖ್ಯವಾದದ್ದು ನದಿ. ಸೇನ್ ನದಿ ಸಮುದ್ರ ಸೇರುವ ಜಾಗದಿಂದ ಪ್ಯಾರಿಸಿಗೆ ನೇರ ದೂರ ಸುಮಾರು 180 ಕಿಲೋಮೀಟರ್. ನದಿ ದೊಡ್ಡ ದೊಡ್ಡ ಬಳಸುಗಳಲ್ಲಿ ಹರಿಯುವುದರಿಂದ ನೀರಿನ ದಾರಿ ಅದರ ಇಮ್ಮಡಿ, ಸುಮಾರು 365 ಕಿಲೋಮೀಟರ್. ಇಷ್ಟು ದೂರ ಒಳಗೆ ಬಂದರೂ ಪ್ಯಾರಿಸಿನಲ್ಲಿ ನದಿ ಸಮುದ್ರಮಟ್ಟಕ್ಕಿಂತ ಸುಮಾರು 25 ಮೀಟರ್ ಮಾತ್ರ ಎತ್ತರದಲ್ಲಿದೆ. ಅಂದರೆ ಒಂದು ಕಿಲೋಮೀಟರಿಗೆ ಏಳು ಸೆಂಟಿಮೀಟರಿನಷ್ಟು ಇಳಿಜಾರು. ಜಲಪಾತವಿಲ್ಲ, ಬಂಡೆಗಳ ಸೆಳವಿಲ್ಲ. ಅದರ ಮೇಲೆ ಕೆಳಭಾಗದಲ್ಲಿ ಸಮುದ್ರದ ಭರತವು ರುವಾನ್ ನಗರವನ್ನೂ ದಾಟಿ ಮೇಲಕ್ಕೆ ಏರುತ್ತದೆ. ಭರತದ ಹೊತ್ತು ನೋಡಿ ಹೊರಟವರನ್ನು ನೀರೇ ಒಳನಾಡಿನ ಕಡೆಗೆ ತಳ್ಳುತ್ತಿತ್ತು.

ಮೇಲುಭಾಗದಲ್ಲಿ ಹರಿವಿನ ವಿರುದ್ಧ ಹುಟ್ಟು ಹಾಕುತ್ತಾ ದಿನಕ್ಕೆ 30 ಕಿಲೋಮೀಟರ್ ಸಾಗಿದರೆಂದು ಊಹಿಸಿದರೂ ಕಡಲಿನಿಂದ ಪ್ಯಾರಿಸಿಗೆ ಎರಡು ವಾರ ಸಾಕು. ಹಾದಿಯಲ್ಲಿ ಎತ್ತು, ಕುದುರೆಗಳಿಗೆ ಮೇವು ಹುಡುಕುವ ಕೆಲಸವಿಲ್ಲ. ಎದುರಾಳಿ, ಅಂದರೆ ಆಗ ಈ ನಾಡನ್ನು ಆಳುತ್ತಿದ್ದ ಫ್ರಾಂಕ್ ಜನಾಂಗದ ದೊರೆ, ತನ್ನ ಸಾಮಂತರಿಗೆ ಕರೆ ಕಳುಹಿಸಿ, ಅವರು ತಮ್ಮ ತಮ್ಮ ಜನರನ್ನು ಕೂಡಿಸಿಕೊಂಡು, ಆಹಾರ ಹೊತ್ತು ಒಂದೆಡೆ ಸೇರುವುದಕ್ಕೆ ವಾರಗಳೇ ಬೇಕು. ಆ ಕಾಲದ ಸಂಪತ್ತು ಇದ್ದದ್ದೂ ನದಿಯ ದಡದಲ್ಲೇ. ದ್ರಾಕ್ಷಾರಸ, ಧಾನ್ಯ, ಉಪ್ಪು ಸಾಗಿಸಲು ನೀರಿನ ದಾರಿಯೇ ಅಗ್ಗವಾಗಿದ್ದರಿಂದ ದೊಡ್ಡ ಕ್ರೈಸ್ತ ಮಠಗಳೂ ಪೇಟೆಗಳೂ ನದಿಗೆ ಮುಖಮಾಡಿ ಬೆಳೆದಿದ್ದವು. ಬೆಳ್ಳಿಯ ಪಾತ್ರೆಗಳಿದ್ದ ಮಠಗಳಿಗೆ ಗೋಡೆಗಳ ರಕ್ಷಣೆ ಹೆಚ್ಚಾಗಿ ಇರಲಿಲ್ಲ.

841ರ ಮೇ: ಇಪ್ಪತ್ತು ದಿನಗಳ ಕಥೆ

ಈ ಲೆಕ್ಕಗಳೆಲ್ಲ ನಿಜವಾಗಿ ಹೇಗೆ ಕೆಲಸ ಮಾಡಿದವು ಎಂಬುದಕ್ಕೆ ಸೇನ್ ದಡದ ಫಾಂತನೆಲ್ ಮಠದ ವೃತ್ತಾಂತ ದಿನದಿನದ ಸಾಕ್ಷ್ಯ ಕೊಡುತ್ತದೆ. 841ರ ಮೇ 12ರಂದು ಅಸ್ಗೇರ್ ಎಂಬ ನಾಯಕನ ಹಡಗುಗಳು ನದಿಯನ್ನು ಹೊಕ್ಕವು. ಮೇ 14ರಂದು ರುವಾನ್ ನಗರ ಉರಿಯಿತು. ಮೇ 16ರಂದು ಅವರು ಆ ನಗರವನ್ನು ಬಿಟ್ಟರು. ಮೇ 24ರಂದು ಜುಮಿಯೇಜ್ ಮಠಕ್ಕೆ ಬೆಂಕಿ ಬಿತ್ತು. ಮರುದಿನ ಫಾಂತನೆಲ್ ಮಠದವರು ಆರು ಪೌಂಡ್ ಬೆಳ್ಳಿ ಕೊಟ್ಟು ತಮ್ಮ ಮಠವನ್ನು ಉಳಿಸಿಕೊಂಡರು. ಮೇ 28ರಂದು ಪ್ಯಾರಿಸ್ ಹತ್ತಿರದ ಸಾಂ ದೆನಿ ಮಠದ ಸನ್ಯಾಸಿಗಳು ಬಂದು 26 ಪೌಂಡ್ ಬೆಳ್ಳಿಗೆ 68 ಸೆರೆಯಾಳುಗಳನ್ನು ಬಿಡಿಸಿಕೊಂಡರು. ಮೇ 31ರಂದು ದಾಳಿಕೋರರು ಕಡಲಿನತ್ತ ಹೊರಟರು. ವುಲ್ಫಾರ್ಡ್ ಎಂಬ ರಾಜಸಾಮಂತ ಸೇನೆಯೊಂದಿಗೆ ಅವರಿಗೆ ಅಡ್ಡ ಬಂದನಾದರೂ, ಅವರು ಕಾದಾಡುವ ಮನಸ್ಸು ಮಾಡಲಿಲ್ಲ.

ಈ ಕೊನೆಯ ವಿವರವನ್ನು ಗಮನವಿಟ್ಟು ಓದಬೇಕು. ಸೇನೆ ಬಂದಿತ್ತು, ಆದರೆ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಬಂದ ಮೇಲೂ ನದಿಯ ನಡುವೆ ಸಾಗುತ್ತಿರುವ ಹಡಗುಗಳನ್ನು ಕಾಳಗಕ್ಕೆ ಎಳೆಯುವ ಉಪಾಯ ದಡದಲ್ಲಿ ನಿಂತ ಸೇನೆಗೆ ಇರಲಿಲ್ಲ. ಯುದ್ಧ ಮಾಡಬೇಕೋ ಬೇಡವೋ ಎಂಬ ಆಯ್ಕೆ ಹಡಗಿನಲ್ಲಿದ್ದವರದು. ಕಡಿಮೆ ನೀರಿನಲ್ಲಿ ಸಾಗುವ ಶಕ್ತಿಯಿಂದ ದಾಳಿಕೋರರಿಗೆ ದೊರೆತ ದೊಡ್ಡ ಲಾಭ ಇದೇ ಎಂದು ನನಗೆ ತೋರುತ್ತದೆ. ಬಂದರು ಬೇಕಿಲ್ಲ, ಕಟ್ಟೆ ಬೇಕಿಲ್ಲ, ಯಾವ ಕೆಸರುದಡದಲ್ಲಾದರೂ ಮೂತಿ ಇಟ್ಟು ಇಳಿಯಬಹುದು, ಯಾವ ಗಳಿಗೆಯಲ್ಲಾದರೂ ನೂಕಿಕೊಂಡು ಹೊರಡಬಹುದು. ನೂರಾರು ಕಿಲೋಮೀಟರ್ ದಡವನ್ನು ಪೂರ್ತಿ ಕಾಯುವುದು ಯಾವ ದೊರೆಗೂ ಸಾಧ್ಯವಿರಲಿಲ್ಲ.

845: ದಡಗಳು ಎರಡು, ಸೇನೆ ಒಂದು

ನಾಲ್ಕು ವರ್ಷಗಳ ಬಳಿಕ, 845ರ ಮಾರ್ಚ್‌ನಲ್ಲಿ, 120 ಹಡಗುಗಳ ಪಡೆಯೊಂದು ಸೇನ್ ನದಿಯನ್ನು ಏರಿತು ಎಂದು ಫ್ರಾಂಕರ ವಾರ್ಷಿಕ ದಾಖಲೆ ಹೇಳುತ್ತದೆ. ಇತಿಹಾಸ ‘ಬೋಳುತಲೆಯ ಚಾರ್ಲ್ಸ್’ ಎಂದು ಕರೆಯುವ ದೊರೆ ಈ ಸಲ ಸೇನೆಯನ್ನು ಸಕಾಲಕ್ಕೆ ಕೂಡಿಸಿದ. ಆದರೆ ಹಡಗುಗಳು ಯಾವ ದಡದಲ್ಲಿ ಇಳಿಯುತ್ತವೆ ಎಂಬುದು ತಿಳಿಯದ ಕಾರಣ ಸೇನೆಯನ್ನು ಎರಡಾಗಿ ಒಡೆದು ನದಿಯ ಎರಡೂ ಬದಿಗಳಲ್ಲಿ ನಿಲ್ಲಿಸಿದ. ದಾಳಿಕೋರರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಅವರು ತಮ್ಮ ಪೂರ್ತಿ ಬಲದೊಂದಿಗೆ ಚಿಕ್ಕ ಭಾಗದ ಮೇಲೆ ಬಿದ್ದು ಅದನ್ನು ಮುರಿದರು, ಸೆರೆಸಿಕ್ಕ 111 ಜನರನ್ನು ನದಿಯ ದ್ವೀಪವೊಂದರಲ್ಲಿ ಗಲ್ಲಿಗೇರಿಸಿದರು. ಎದುರುದಡದಲ್ಲಿದ್ದ ದೊರೆಯ ಸೇನೆ ಅದನ್ನು ಕಣ್ಣಾರೆ ನೋಡಿತು, ನದಿ ದಾಟಿ ಹೋಗಲು ಅದರ ಬಳಿ ಹಡಗುಗಳಿರಲಿಲ್ಲ. ಈಸ್ಟರ್ ಹಬ್ಬದ ಹೊತ್ತಿಗೆ ಪ್ಯಾರಿಸ್ ದಾಳಿಕೋರರ ಕೈಯಲ್ಲಿತ್ತು.

ಚಾರ್ಲ್ಸ್ 7,000 ಪೌಂಡ್ ಬೆಳ್ಳಿ ಕೊಟ್ಟು ಅವರನ್ನು ಹಿಂದಕ್ಕೆ ಕಳುಹಿಸಿದ. ಇಷ್ಟು ಬೆಳ್ಳಿ ಹೇರಿಕೊಂಡ ಹಡಗುಗಳು ಆಳಕ್ಕೆ ಇಳಿದು ನದಿಯಲ್ಲಿ ಸಿಕ್ಕಿಹಾಕಿಕೊಳ್ಳಬೇಕಿತ್ತಲ್ಲ ಎಂಬ ಸಂದೇಹ ಸಹಜ. ಆ ಕಾಲದ ಪೌಂಡು ಅರ್ಧ ಕಿಲೋಗಿಂತ ತುಸು ಕಡಿಮೆ, ಆದ್ದರಿಂದ ಒಟ್ಟು ಬೆಳ್ಳಿ ಮೂರು ಟನ್ನಿನ ಆಸುಪಾಸು. ಅದನ್ನು 120 ಹಡಗುಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಸುಮಾರು 25 ಕಿಲೋ, ಅಂದರೆ ಒಬ್ಬ ಬಾಲಕನ ತೂಕ. ಒಂದು ರಾಜ್ಯವನ್ನು ಬಡವಾಗಿಸಿದ ಹೊರೆಯಿಂದ ಹಡಗು ಒಂದು ಮಿಲಿಮೀಟರ್ ಇಳಿಯಿತೇನೋ. ಬೆಳ್ಳಿಗಿಂತ ಭಾರವಾದದ್ದು ಧಾನ್ಯ, ದ್ರಾಕ್ಷಾರಸ ಮತ್ತು ಗುಲಾಮರಾಗಿ ಮಾರಲು ಹಿಡಿದೊಯ್ಯುವ ಮನುಷ್ಯರು. ಈ ಹಡಗುಗಳಿಗೆ ಬೆಳ್ಳಿಯಷ್ಟು ಹೊಂದುವ ಲೂಟಿ ಬೇರೊಂದಿರಲಿಲ್ಲ. ಒಮ್ಮೆ ಹಣ ಕೊಟ್ಟ ನದಿಗೆ ಪಡೆಗಳು ಮತ್ತೆ ಮತ್ತೆ ಬಂದದ್ದರ ಹಿಂದೆ ಈ ಸರಳ ಲೆಕ್ಕವೂ ಇದೆ.

ಹಡಗೇ ಕಾರಣವೇ, ರಾಜಕೀಯವೇ?

ಇಲ್ಲಿ ವಿದ್ವಾಂಸರಲ್ಲಿ ಭಿನ್ನ ನಿಲುವುಗಳಿವೆ. ಒಂದು ಪಕ್ಷದ ಪ್ರಕಾರ ವೈಕಿಂಗರ ಯಶಸ್ಸಿಗೆ ಹಡಗಿನ ತಂತ್ರಜ್ಞಾನವೇ ಮೂಲ. ಇನ್ನೊಂದು ಪಕ್ಷ ಹೇಳುವುದು ಬೇರೆ: ಫ್ರಾಂಕರ ಚಕ್ರವರ್ತಿ ಲೂಯಿ 840ರಲ್ಲಿ ತೀರಿಕೊಂಡ ಮೇಲೆ ಚಾರ್ಲ್ಸ್ ಸೇರಿದಂತೆ ಅವನ ಮಕ್ಕಳು ಪರಸ್ಪರ ಯುದ್ಧಕ್ಕೆ ಇಳಿದರು, ರುವಾನ್ ಉರಿದ ಮರುತಿಂಗಳೇ, 841ರ ಜೂನ್ 25ರಂದು, ಅಣ್ಣತಮ್ಮಂದಿರು ಫಾಂತೆನುವಾ ಎಂಬಲ್ಲಿ ದೊಡ್ಡ ಕಾಳಗ ನಡೆಸಿದರು. ನದಿಯನ್ನು ಕಾಯಬೇಕಾದ ಸೇನೆಗಳು ಒಂದನ್ನೊಂದು ಕೊಲ್ಲುತ್ತಿದ್ದಾಗ ಯಾವ ಹಡಗು ಬಂದರೂ ಒಳಗೆ ಹೋಗುತ್ತಿತ್ತು ಎಂಬುದು ಇವರ ವಾದ. ಇದರೊಂದಿಗೆ, ಸನ್ಯಾಸಿಗಳು ಬರೆದಿಟ್ಟ ಹಡಗುಗಳ ಸಂಖ್ಯೆಯೇ ಉತ್ಪ್ರೇಕ್ಷೆ ಎಂಬ ವಾದವೂ 1960ರ ದಶಕದಿಂದ ಬಲವಾಗಿ ಕೇಳಿಬಂದಿದೆ.

ಎರಡನೆಯ ಪಕ್ಷಕ್ಕೆ ಗಟ್ಟಿ ಆಧಾರವಿದೆ. 858ರಲ್ಲಿ ಚಾರ್ಲ್ಸ್ ಸೇನ್ ನದಿಯ ಉವಾಸೆಲ್ ದ್ವೀಪದಲ್ಲಿ ಬೀಡುಬಿಟ್ಟಿದ್ದ ವೈಕಿಂಗರನ್ನು ಮುತ್ತಿದ್ದಾಗ, ಜರ್ಮನಿಯನ್ನು ಆಳುತ್ತಿದ್ದ ಅವನ ಅಣ್ಣನೇ ರಾಜ್ಯದೊಳಗೆ ನುಗ್ಗಿದ್ದರಿಂದ ಮುತ್ತಿಗೆಯನ್ನು ಕೈಬಿಡಬೇಕಾಯಿತು. ಆದರೆ ರಾಜಕೀಯದ ಒಡಕೊಂದೇ ಕಾರಣವೆಂದರೆ, ಒಡಕಿನ ಲಾಭ ಕಡಲಾಚೆಯವರಿಗೆ ಇಷ್ಟು ಸುಲಭವಾಗಿ, ಇಷ್ಟು ಒಳನಾಡಿನಲ್ಲಿ ದಕ್ಕಿದ್ದು ಹೇಗೆಂಬುದಕ್ಕೆ ಉತ್ತರ ಸಿಗುವುದಿಲ್ಲ. ಹಡಗು ಬಾಗಿಲನ್ನು ತೆರೆಯಿತು, ಬಾಗಿಲು ತೆರೆದೇ ಉಳಿದದ್ದಕ್ಕೆ ದೊರೆಗಳ ಜಗಳ ಕಾರಣ ಎಂಬುದು ನನಗೆ ಸರಿ ಎನಿಸುವ ನಿಲುವು. ಬಾಗಿಲನ್ನು ಮುಚ್ಚುವುದು ಸಾಧ್ಯವಿತ್ತು ಎಂಬುದಕ್ಕೆ 862ರ ಘಟನೆಯೇ ಸಾಕ್ಷಿ.

862: ಮಾರ್ನ್ ನದಿಯ ಬಲೆ

ಆ ವರ್ಷದ ಆರಂಭದಲ್ಲಿ ವೈಕಿಂಗರ ಆಯ್ದ ತಂಡವೊಂದು ಕೆಲವೇ ಹಡಗುಗಳಲ್ಲಿ ಸೇನ್ ನದಿಯಿಂದ ಅದರ ಉಪನದಿಯಾದ ಮಾರ್ನ್‌ಗೆ ತಿರುಗಿ, ಪ್ಯಾರಿಸಿನ ಪೂರ್ವಕ್ಕಿರುವ ಮೋ ಎಂಬ ಪಟ್ಟಣವನ್ನು ಲೂಟಿ ಮಾಡಿತು. ಅವರು ಮೇಲಕ್ಕೆ ಹೋದ ಮೇಲೆ ಬೆನ್ನಟ್ಟುವುದರಲ್ಲಿ ಅರ್ಥವಿಲ್ಲವೆಂದು ಚಾರ್ಲ್ಸ್‌ಗೆ ತನ್ನ ಇಪ್ಪತ್ತು ವರ್ಷಗಳ ಅನುಭವದಿಂದ ಗೊತ್ತಿತ್ತು. ಅವನು ಅವರ ಹಿಂದೆ ಓಡದೆ, ಅವರು ಮರಳಿ ಬರಲೇಬೇಕಾದ ದಾರಿಯನ್ನು ಹಿಡಿದ. ಮೋ ಪಟ್ಟಣದ ಕೆಳಗೆ ತ್ರಿಲ್ಬಾರ್ದು ಎಂಬಲ್ಲಿ ಮುರಿದುಬಿದ್ದಿದ್ದ ಸೇತುವೆಯನ್ನು ತರಾತುರಿಯಿಂದ ಸರಿಪಡಿಸಿ, ಎರಡೂ ದಡಗಳ ಉದ್ದಕ್ಕೂ ಪಡೆಗಳನ್ನು ನಿಲ್ಲಿಸಿದ.

845ಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನೋಡಬೇಕು. ಆಗಲೂ ಎರಡು ದಡಗಳಲ್ಲಿ ಪಡೆಗಳಿದ್ದವು, ಈಗಲೂ ಇದ್ದವು. ಆಗ ಅವು ಒಂದರಿಂದೊಂದು ಬೇರ್ಪಟ್ಟಿದ್ದವು, ಈಗ ಸೇತುವೆ ಅವನ್ನು ಒಂದುಗೂಡಿಸಿತು. ಹಡಗುಗಳು ಯಾವ ದಡಕ್ಕೆ ತಿರುಗಿದರೂ ಇನ್ನೊಂದು ದಡದ ಪಡೆ ಸೇತುವೆಯ ಮೇಲಿಂದ ಓಡಿಬರಬಹುದು. ಸೇತುವೆಯ ಕಂಬಗಳ ನಡುವೆ ನುಸುಳಲು ಹೋದರೆ ಮೇಲಿನಿಂದ ಕಲ್ಲು, ಈಟಿಗಳು ಬೀಳುತ್ತವೆ. ಮೇಲ್ಛಾವಣಿಯಿಲ್ಲದ, ತಗ್ಗು ಮೈಯ ಹಡಗಿಗೆ ತಲೆಯ ಮೇಲಿನಿಂದ ಬರುವ ಹೊಡೆತವನ್ನು ತಡೆಯುವ ಶಕ್ತಿಯಿಲ್ಲ. ಯಾವ ಗುಣದಿಂದ ಅದು ನದಿಯನ್ನು ಏರಿತ್ತೋ ಅದೇ ಗುಣ ಇಲ್ಲಿ ಅದರ ದೌರ್ಬಲ್ಯವಾಯಿತು. ಕಡಲಿನಲ್ಲಿ ತಪ್ಪಿಸಿಕೊಳ್ಳಲು ಎಲ್ಲ ದಿಕ್ಕುಗಳೂ ಇವೆ, ನದಿಯಲ್ಲಿ ಇರುವುದು ಎರಡೇ. ಮೇಲಕ್ಕೆ ಹೋದಷ್ಟೂ ನೀರು ಕಡಿಮೆಯಾಗುತ್ತದೆ, ಕೆಳಗೆ ಸೇತುವೆ ಕಾದು ಕೂತಿದೆ.

ದಾಳಿಕೋರರು ಸಂಧಾನಕ್ಕೆ ಬಂದರು. ಒತ್ತೆಯಾಳುಗಳನ್ನು ಕೊಟ್ಟರು, ಮಾರ್ನ್ ನದಿಯನ್ನು ಹೊಕ್ಕ ಮೇಲೆ ಹಿಡಿದಿದ್ದ ಸೆರೆಯಾಳುಗಳನ್ನೆಲ್ಲ ಬಿಟ್ಟರು, ಸೇನ್ ನದಿಯಿಂದ ಹೊರಹೋಗಲು ಒಪ್ಪಿದರು. ಆಮೇಲೆ ಅವರು ಜುಮಿಯೇಜ್‌ವರೆಗೆ ಇಳಿದು, ಹಡಗುಗಳನ್ನು ದುರಸ್ತಿ ಮಾಡಿಕೊಂಡು, ವಸಂತ ಬರುವವರೆಗೆ ಕಾದು ಕಡಲಿಗೆ ಹೊರಟರು.

ಪಾಠವನ್ನು ಕಲಿತ ಚಾರ್ಲ್ಸ್ ಅದೇ ಬೇಸಿಗೆಯಲ್ಲಿ ರುವಾನ್‌ಗಿಂತ ಮೇಲೆ, ಪೀತ್ರ್ ಬಳಿ, ಸೇನ್ ನದಿಗೆ ಅಡ್ಡಲಾಗಿ ಕೋಟೆಗಳುಳ್ಳ ಸೇತುವೆಯನ್ನು ಕಟ್ಟಿಸತೊಡಗಿದ. ಸಮುದ್ರದ ಭರತ ಕ್ಷೀಣಿಸಿ ಕೊನೆಗೊಳ್ಳುವ ಪ್ರದೇಶ ಅದು. ಆ ಜಾಗದ ಆಯ್ಕೆಯಲ್ಲಿ ಒಂದು ಕಠೋರ ತೀರ್ಮಾನ ಅಡಗಿತ್ತು: ಕೆಳಗಿನ ಅಗಲವಾದ, ಭರತ ಇಳಿತಗಳ ನದಿಗೆ ಅಂಥ ಸೇತುವೆ ಕಟ್ಟುವುದು ಆಗದ ಮಾತಾಗಿದ್ದರಿಂದ ರುವಾನ್, ಜುಮಿಯೇಜ್, ಫಾಂತನೆಲ್ ಎಲ್ಲವೂ ರಕ್ಷಣೆಯ ಹೊರಗೇ ಉಳಿದವು. 864ರಲ್ಲಿ ಪೀತ್ರ್‌ನಲ್ಲಿ ಹೊರಡಿಸಿದ ಶಾಸನದಲ್ಲಿ ವೈಕಿಂಗರಿಗೆ ಆಯುಧ, ಕವಚ, ಕುದುರೆಗಳನ್ನು ಮಾರುವವರಿಗೆ ಮರಣದಂಡನೆ ಎಂದು ಸಾರಲಾಯಿತು. ಕುದುರೆಯ ಮೇಲೆ ಇಷ್ಟು ಕಟ್ಟುನಿಟ್ಟು ಏಕೆಂದರೆ, ಹಡಗು ತಲುಪಿಸುವುದು ನದಿದಡದವರೆಗೆ ಮಾತ್ರ. ಅಲ್ಲಿಂದ ಆಚೆಗಿನ ಹಳ್ಳಿಗಳನ್ನು ಸುಲಿಯಲು ಕುದುರೆ ಬೇಕೇಬೇಕು. ಆದರೆ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆಯಿತು, 866ರಲ್ಲಿ ಚಾರ್ಲ್ಸ್ ಮತ್ತೆ 4,000 ಪೌಂಡ್ ಬೆಳ್ಳಿ ಕೊಡಬೇಕಾಯಿತು.

885: ಪ್ಯಾರಿಸಿನ ತಗ್ಗು ಸೇತುವೆಗಳು

ಚಾರ್ಲ್ಸ್ 877ರಲ್ಲಿ ಸತ್ತ. 885ರಲ್ಲಿ ದೊಡ್ಡ ಪಡೆಯೊಂದು ಪೀತ್ರ್‌ನ ಅಡೆತಡೆಯನ್ನು ದಾಟಿ ನವೆಂಬರಿನಲ್ಲಿ ಪ್ಯಾರಿಸಿನ ಮುಂದೆ ಬಂದು ನಿಂತಿತು. ಸೇತುವೆ ಇದ್ದರಷ್ಟೇ ಸಾಲದು, ಅದನ್ನು ಕಾಯುವ ಜನವೂ ಅವರಿಗೆ ಅನ್ನ ಹಾಕುವ ಅರಸನೂ ಬೇಕೆಂಬುದು ಅಲ್ಲಿ ರುಜುವಾತಾಯಿತು. ಆಗಿನ ಪ್ಯಾರಿಸ್ ಎಂದರೆ ಮುಖ್ಯವಾಗಿ ನದಿಯ ನಡುವಿನ ದ್ವೀಪ. ಅದನ್ನು ಎರಡು ದಡಗಳಿಗೆ ಎರಡು ತಗ್ಗು ಸೇತುವೆಗಳು ಜೋಡಿಸಿದ್ದವು, ಸೇತುವೆಗಳ ತುದಿಗಳಲ್ಲಿ ಗೋಪುರಗಳಿದ್ದವು. ಮುತ್ತಿಗೆಯನ್ನು ಕಣ್ಣಾರೆ ಕಂಡ ಆಬೋ ಎಂಬ ಸನ್ಯಾಸಿ 700 ಹಡಗುಗಳೆಂದು ಬರೆದಿದ್ದಾನೆ. ಆ ಸಂಖ್ಯೆಯನ್ನು ಅಕ್ಷರಶಃ ನಂಬುವವರು ಕಡಿಮೆ, ಆದರೆ ಪಡೆ ಅಸಾಧಾರಣವಾಗಿ ದೊಡ್ಡದಾಗಿತ್ತೆಂಬುದು ನಿಶ್ಚಿತ.

ಅವರ ಗುರಿ ಪ್ಯಾರಿಸಿಗಿಂತಲೂ ಆಚೆಗಿನ, ಇನ್ನೂ ಸುಲಿಗೆಗೆ ಒಳಗಾಗದ ಬರ್ಗಂಡಿ ಪ್ರಾಂತವಾಗಿತ್ತು. ಪ್ಯಾರಿಸಿನ ಒಡೆಯನಾದ ಕೌಂಟ್ ಓದೋ ಮತ್ತು ಅಲ್ಲಿನ ಬಿಷಪ್ ಗೋಜ್ಲಾಂ ದಾರಿ ಬಿಡಲು ಒಪ್ಪಲಿಲ್ಲ. ತಿಂಗಳುಗಟ್ಟಲೆ ನಡೆದ ಹೋರಾಟದಲ್ಲಿ ಸೇತುವೆಯನ್ನು ಮುರಿದದ್ದು ವೈಕಿಂಗರಲ್ಲ, ನದಿಯೇ. 886ರ ಫೆಬ್ರವರಿ 6ರಂದು ಉಕ್ಕಿದ ನೀರು ದಕ್ಷಿಣದ ಚಿಕ್ಕ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಆ ತುದಿಯ ಗೋಪುರದಲ್ಲಿದ್ದ ಹನ್ನೆರಡು ಜನ ಕಾವಲುಗಾರರು ನಗರದಿಂದ ಕಡಿದುಹೋದರು. ದಾಳಿಕೋರರು ಗೋಪುರಕ್ಕೆ ಬೆಂಕಿ ಇಟ್ಟು ಅವರನ್ನು ಮುಗಿಸಿದರು. ಸೇತುವೆ ಎರಡು ದಡಗಳನ್ನು ಬೆಸೆದಿರುವವರೆಗೆ ಮಾತ್ರ ಕೋಟೆ, ಬೆಸುಗೆ ಬಿಟ್ಟ ಗಳಿಗೆಯಲ್ಲಿ 845ರ ಪರಿಸ್ಥಿತಿಯೇ ಮರುಕಳಿಸುತ್ತದೆ.

ಆದರೂ ಉತ್ತರದ ದೊಡ್ಡ ಸೇತುವೆ ಮತ್ತು ನಗರ ಉಳಿದವು. ಆ ಶರತ್ಕಾಲದಲ್ಲಿ ಬಂದ ಚಕ್ರವರ್ತಿ, ‘ದಪ್ಪ ಚಾರ್ಲ್ಸ್’ ಎಂದು ಹೆಸರಾದವನು, ಯುದ್ಧ ಮಾಡದೆ 700 ಪೌಂಡ್ ಬೆಳ್ಳಿಯನ್ನೂ ಬರ್ಗಂಡಿಗೆ ಹೋಗುವ ಅನುಮತಿಯನ್ನೂ ಕೊಟ್ಟುಬಿಟ್ಟ. ತಿಂಗಳುಗಳ ಕಾಲ ಸತ್ತು ಬದುಕಿ ಕಾದ ಪ್ಯಾರಿಸಿನವರು ಆಗಲೂ ಸೇತುವೆಯಡಿ ಹಡಗುಗಳನ್ನು ಬಿಡಲಿಲ್ಲ. ಆಗ ವೈಕಿಂಗರು ಹಡಗುಗಳನ್ನು ನೀರಿನಿಂದ ಮೇಲೆಳೆದು, ನೆಲದ ಮೇಲೆ ಎಳೆದುಕೊಂಡು ನಗರವನ್ನು ಬಳಸಿ, ಸೇತುವೆಯಾಚೆ ಮತ್ತೆ ನದಿಗೆ ಇಳಿಸಿದರು. ಅಲ್ಲಿಂದ ಯೋನ್ ನದಿಯನ್ನು ಏರಿ ಸಾಂಸ್ ನಗರವನ್ನು ಮುತ್ತಿದರು. ತೆಳು ಹಲಗೆಯ ಹಗುರ ಹಡಗಿನ ಕೊನೆಯ ಆಯುಧ ಇದು. ಆದರೆ ಇದಕ್ಕೂ ಷರತ್ತುಗಳಿವೆ. ಎಳೆಯುವ ಹೊತ್ತಿನಲ್ಲಿ ಜನರೆಲ್ಲರ ಕೈ ಹಗ್ಗದ ಮೇಲಿರುತ್ತದೆ, ಆಯುಧದ ಮೇಲಲ್ಲ. ಆಗ ಮೇಲೆ ಬೀಳುವ ಸೇನೆ ಹತ್ತಿರದಲ್ಲಿದ್ದರೆ ಎಲ್ಲವೂ ಮುಗಿಯುತ್ತದೆ. ಚಕ್ರವರ್ತಿಯ ಒಪ್ಪಂದದಿಂದಾಗಿ ಅಂಥ ಸೇನೆ ಅಲ್ಲಿರಲಿಲ್ಲ. ಬಂಡೆಗಳ ಸೆಳವಿರುವ ನದಿಗಳಲ್ಲಂತೂ ಉದ್ದ ಹಡಗೇ ಕೆಲಸಕ್ಕೆ ಬಾರದು. ಪೂರ್ವದ ದ್ನೀಪರ್ ನದಿಯಲ್ಲಿ ಇದೇ ಉತ್ತರದವರ ಸಂತತಿ ಒಂದೇ ಮರವನ್ನು ತೋಡಿ ಮಾಡಿದ ಸ್ಥಳೀಯ ದೋಣಿಗಳಿಗೆ ಬದಲಾಯಿಸಿಕೊಂಡದ್ದನ್ನು ಹತ್ತನೆಯ ಶತಮಾನದ ಬೈಜಾಂಟಿಯಂ ಚಕ್ರವರ್ತಿಯೊಬ್ಬ ವಿವರವಾಗಿ ಬರೆದಿಟ್ಟಿದ್ದಾನೆ.

ನದೀಮುಖದ ಕಾವಲು

ಈ ನಲವತ್ತೈದು ವರ್ಷಗಳ ಪರಿಣಾಮಗಳಲ್ಲಿ ಎರಡು ದೊಡ್ಡವು. ಮೊದಲನೆಯದು, ದೂರದ ಚಕ್ರವರ್ತಿಗಿಂತ ಸೇತುವೆಯ ಮೇಲೆ ನಿಂತು ಕಾದ ಸ್ಥಳೀಯ ಒಡೆಯನಿಗೆ ಜನರ ನಿಷ್ಠೆ ಹೊರಳಿತು. 888ರಲ್ಲಿ ಪಶ್ಚಿಮ ಫ್ರಾಂಕರ ದೊರೆಯಾಗಿ ಆಯ್ಕೆಯಾದವನು ಪ್ಯಾರಿಸನ್ನು ಕಾದ ಅದೇ ಓದೋ. ವೇಗವಾಗಿ ಬರುವ ಹಡಗಿಗೆ ನಿಧಾನವಾಗಿ ಕೂಡುವ ಸಾಮ್ರಾಜ್ಯದ ಸೇನೆ ಉತ್ತರವಾಗಲಾರದೆಂದು ಜನ ತೀರ್ಮಾನಿಸಿದ್ದರು.

ಎರಡನೆಯದು, ಸೇತುವೆ ಕಟ್ಟಲಾಗದ ಕೆಳಗಿನ ನದಿಗೆ ಬೇರೆಯದೇ ಉಪಾಯವನ್ನು ಹುಡುಕಬೇಕಾಯಿತು. 911ರಲ್ಲಿ ‘ಸರಳ ಚಾರ್ಲ್ಸ್’ ಎಂಬ ದೊರೆ ರುವಾನ್ ನಗರವನ್ನೂ ಅದರ ಸುತ್ತಲಿನ, ಕಡಲಿನವರೆಗಿನ ನಾಡನ್ನೂ ರೋಲೋ ಎಂಬ ವೈಕಿಂಗ್ ನಾಯಕನಿಗೆ ಬಿಟ್ಟುಕೊಟ್ಟ. ಪ್ರತಿಯಾಗಿ ಅವನು ಕ್ರೈಸ್ತ ಧರ್ಮವನ್ನು ಸ್ವೀಕರಿಸಿ, ಇತರ ವೈಕಿಂಗರಿಂದ ನದಿಯನ್ನು ಕಾಯಬೇಕಾಗಿತ್ತು. ಇದನ್ನು ಬರೀ ಸೋಲೆಂದು ನೋಡುವುದು ಸರಿಯಲ್ಲ. ಅರವತ್ತು ಸೆಂಟಿಮೀಟರ್ ನೀರು ಸಾಕೆನ್ನುವ ಹಡಗನ್ನು ಆ ಅಗಲವಾದ ನದೀಮುಖದಲ್ಲಿ ಕಲ್ಲು ಮರಗಳಿಂದ ತಡೆಯುವುದು ಸಾಧ್ಯವಿರಲಿಲ್ಲ. ಅಂಥದೇ ಹಡಗುಗಳಿದ್ದು, ಅವುಗಳನ್ನು ನಡೆಸಲು ಬಲ್ಲವರು ಮಾತ್ರ ಅಲ್ಲಿ ಎದುರಿಸಬಹುದಾಗಿತ್ತು. ಅಂಥ ಹಡಗುಗಳು ಫ್ರಾಂಕರ ಬಳಿ ಇರಲಿಲ್ಲ, ರೋಲೋನ ಬಳಿ ಇದ್ದವು. ಹಾಗೆ ಕೊಟ್ಟ ನಾಡೇ ಮುಂದೆ ನಾರ್ಮಂಡಿ ಎಂದು ಹೆಸರಾಯಿತು.